‘ಐದು ವರ್ಷದ ನಂತರ ಎಲ್ಲಿರ್ತೀರಿ?’: ಬಾಯಿಪಾಠ ಅನಿಸದ, ಸಪ್ಪೆಯೂ ಅನಿಸದ ಉತ್ತರ ಕಟ್ಟುವುದು ಹೇಗೆ

ಇಂಟರ್‌ವ್ಯೂನಲ್ಲಿ ಈ ಪ್ರಶ್ನೆಗೆ ಬರುವ ಉತ್ತರಗಳು ಹೆಚ್ಚಾಗಿ ಎರಡು ಬಗೆ. ಮೊದಲನೆಯದು ಹೀಗಿರುತ್ತದೆ: “ಐದು ವರ್ಷದಲ್ಲಿ ನಾನು ಒಂದು ಒಳ್ಳೆಯ ಸಂಸ್ಥೆಯಲ್ಲಿ ಲೀಡರ್‌ಶಿಪ್ ಹುದ್ದೆಯಲ್ಲಿರಬೇಕು, ಸಂಸ್ಥೆಯ ಜೊತೆ ನಾನೂ ಬೆಳೆಯಬೇಕು.” ಎರಡನೆಯದು: “ಅಷ್ಟು ದೂರ ಯೋಚನೆ ಮಾಡಿಲ್ಲ, ಸದ್ಯಕ್ಕೆ ಈ ಕೆಲಸ ಚೆನ್ನಾಗಿ ಮಾಡಿದರೆ ಸಾಕು.” ಮೊದಲನೆಯದು ಬಾಯಿಪಾಠದಂತೆ ಕೇಳುತ್ತದೆ. ಎರಡನೆಯದನ್ನು ಕೇಳಿದವರಿಗೆ ‘ಇವರಿಗೆ ಮುಂದೆ ಹೋಗುವ ಆಸೆಯೇ ಇಲ್ಲವೇನೋ’ ಅನಿಸುತ್ತದೆ.

ಎರಡೂ ಬೇರೆ ಬೇರೆ ತಪ್ಪುಗಳಂತೆ ಕಂಡರೂ ಕೊರತೆ ಒಂದೇ. ಎರಡರಲ್ಲೂ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ. ಯಾವ ಕೆಲಸ, ಅದರಲ್ಲಿ ಏನು ಕಲಿಯಬೇಕು, ಯಾವ ಜವಾಬ್ದಾರಿ ಬೇಕು ಅನ್ನುವುದು ಎಲ್ಲೂ ಬರುವುದಿಲ್ಲ. ಅದೇ ಉತ್ತರವನ್ನು ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ಹೇಳಬಹುದು, ಬ್ಯಾಂಕಿನಲ್ಲಿ ಹೇಳಬಹುದು, ಕಾರ್ಖಾನೆಯಲ್ಲೂ ಹೇಳಬಹುದು.

ಉತ್ತರ ಎಲ್ಲಿ ಸ್ಪಷ್ಟವಾಗಿರಬೇಕು, ಎಲ್ಲಿ ಸಡಿಲವಾಗಿರಬೇಕು ಅನ್ನುವುದು ಇಲ್ಲಿ ತುಂಬಾ ಮುಖ್ಯ. ಬಾಯಿಪಾಠದ ಉತ್ತರಗಳಲ್ಲಿ ಐದನೇ ವರ್ಷ ತುಂಬಾ ಸ್ಪಷ್ಟವಾಗಿರುತ್ತದೆ: ಮ್ಯಾನೇಜರ್, ಸೀನಿಯರ್ ಮ್ಯಾನೇಜರ್, ಹೀಗೆ. ಆದರೆ ಮೊದಲ ವರ್ಷದಲ್ಲಿ ಏನು ಮಾಡುತ್ತೀರಿ ಅಂತ ಕೇಳಿದರೆ ಏನೂ ಇರುವುದಿಲ್ಲ. ನಿಜವಾಗಿ ಯೋಚಿಸಿದವರ ಉತ್ತರ ಇದಕ್ಕೆ ತಿರುವುಮುರುವು. ಮೊದಲ ವರ್ಷದ ಮಾತು ಅತಿ ಸ್ಪಷ್ಟ, ಎರಡು ಮೂರು ವರ್ಷದ್ದು ಒಂದಿಷ್ಟು ಸ್ಪಷ್ಟ, ಐದನೇ ವರ್ಷದ್ದು ಒಂದು ದಿಕ್ಕು ಮಾತ್ರ. ಹತ್ತಿರದ್ದು ಚೆನ್ನಾಗಿ ಕಾಣುವುದು, ದೂರದ್ದು ಸ್ವಲ್ಪ ಮಬ್ಬಾಗಿ ಕಾಣುವುದು ಸಹಜ ತಾನೇ? ಇಂಟರ್‌ವ್ಯೂ ಮಾಡುವವರ ಕಿವಿಗೂ ಅದೇ ಸಹಜವಾಗಿ ಕೇಳುತ್ತದೆ. ಈ ಲೇಖನದ ಹಂತಗಳೆಲ್ಲ ಇಂಥ ಉತ್ತರ ಕಟ್ಟುವುದಕ್ಕೇ.

ಮೊದಲು, ಕೇಳುವವರಿಗೆ ಏನು ಗೊತ್ತಾಗಬೇಕು ಅಂತ ತಿಳಿಯಿರಿ

ನೀವು ಭವಿಷ್ಯ ಹೇಳಬೇಕು ಅಂತ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಕೇಳುವವರಿಗೂ ತಮ್ಮ ಐದು ವರ್ಷ ಗೊತ್ತಿರುವುದಿಲ್ಲ. ಅವರ ಮನಸ್ಸಿನಲ್ಲಿರುವುದು ಎರಡು ಅನುಮಾನ. ಒಂದು, ನಿಮ್ಮನ್ನು ಸೇರಿಸಿಕೊಂಡು, ಕೆಲಸ ಕಲಿಸಿ, ನೀವು ಪೂರ್ತಿ ಉಪಯೋಗಕ್ಕೆ ಬರುವ ಹೊತ್ತಿಗೆ ಬಿಟ್ಟು ಹೋಗುತ್ತೀರಾ? ಇನ್ನೊಂದು, ನಿಮಗೆ ಬೇಕಾಗಿರುವುದು ಈ ಕೆಲಸದಿಂದ ಸಿಗುವಂಥದ್ದಾ, ಅಥವಾ ಆರು ತಿಂಗಳಿಗೇ ಬೇಸರ ಬರುತ್ತದಾ?

ಪ್ರಶ್ನೆ ಯಾರ ಬಾಯಿಂದ ಬಂತು ಅನ್ನುವುದರ ಮೇಲೆ ಈ ಅನುಮಾನಗಳ ತೂಕ ಬದಲಾಗುತ್ತದೆ. ಎಚ್‌ಆರ್‌ನವರು ಕೇಳಿದರೆ ಮೊದಲನೆಯದೇ ಜಾಸ್ತಿ. ಅವರಿಗೆ ನಿಮ್ಮ ಕೆಲಸದ ಒಳವಿವರ ಅಷ್ಟು ಗೊತ್ತಿರುವುದಿಲ್ಲ, ಹಾಗಾಗಿ ಉತ್ತರ ಚಿಕ್ಕದಾಗಿ, ತಾಂತ್ರಿಕ ಪದ ಕಡಿಮೆ ಇರುವಂತೆ ಇದ್ದರೆ ಒಳ್ಳೆಯದು. ನಿಮ್ಮ ಮೇಲಿನವರಾಗಲಿರುವ ಮ್ಯಾನೇಜರ್ ಕೇಳಿದರೆ ಎರಡನೆಯದು ಜಾಸ್ತಿ. ದಿನಾ ಮಾಡಬೇಕಾದ ಕೆಲಸ ಏನು ಅಂತ ಅವರಿಗೆ ಗೊತ್ತು, ಅದನ್ನು ನೀವು ಮನಸ್ಸಿಟ್ಟು ಮಾಡುತ್ತೀರಾ ಅಂತ ನೋಡುತ್ತಾರೆ. ಇಲ್ಲಿ ವಿವರ ಬೇಕು. ಅವರಿಗಿಂತ ಮೇಲಿನವರು ಕೇಳಿದರೆ, ಹೆಚ್ಚಾಗಿ ನಿಮ್ಮ ದಿಕ್ಕಿಗೂ ವಿಭಾಗ ಹೋಗುತ್ತಿರುವ ದಿಕ್ಕಿಗೂ ಹೊಂದಿಕೆ ಇದೆಯಾ ಅಂತ ಅಳೆಯುತ್ತಿರುತ್ತಾರೆ. ಮೂವರಿಗೂ ಮೂರು ಉತ್ತರ ಬೇಕಿಲ್ಲ. ಒಂದೇ ಉತ್ತರದಲ್ಲಿ ಯಾವ ಭಾಗಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನುವುದಷ್ಟೇ ಬದಲಾಗಬೇಕು.

ಜಾಹೀರಾತಿನಿಂದ ಶುರು ಮಾಡಿ, ಕನಸಿನಿಂದಲ್ಲ

ಬಹಳಷ್ಟು ಜನ ‘ನನಗೆ ಜೀವನದಲ್ಲಿ ಏನು ಬೇಕು’ ಅಂತ ಯೋಚಿಸಿ ತಯಾರಿ ಶುರು ಮಾಡುತ್ತಾರೆ. ಅದು ದೊಡ್ಡ ಪ್ರಶ್ನೆ, ಇಂಟರ್‌ವ್ಯೂ ಹಿಂದಿನ ರಾತ್ರಿ ಮುಗಿಯುವಂಥದ್ದಲ್ಲ. ಅದರ ಬದಲು ಹುದ್ದೆಯ ಜಾಹೀರಾತನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ‘ಮಾಡಬೇಕಾದ ಕೆಲಸ’ ಅಂತ ಬರೆದಿರುವ ಸಾಲುಗಳನ್ನು ಮಾತ್ರ ಓದಿ. ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ಇದು ನನಗೆ ಈಗಲೇ ಬರುತ್ತದೆ, ಇದು ಅರ್ಧ ಬರುತ್ತದೆ, ಇದು ಬರುವುದಿಲ್ಲ.

ನಿಮ್ಮ ಮೊದಲ ವರ್ಷ ಆ ‘ಅರ್ಧ ಬರುತ್ತದೆ’ ಅನ್ನುವ ಸಾಲುಗಳಲ್ಲೇ ಇದೆ. ಈಗಲೇ ಬರುವುದನ್ನು ಮುಂದಿನ ಗುರಿ ಅಂತ ಹೇಳಿದರೆ ಸಪ್ಪೆ ಆಗುತ್ತದೆ. ಏನೂ ಬರದಿರುವುದನ್ನು ಹೇಳಿದರೆ ‘ಹಾಗಾದರೆ ಈ ಹುದ್ದೆಗೆ ಯಾಕೆ ಬಂದಿರಿ’ ಅನಿಸಬಹುದು. ಅರ್ಧ ಬರುವುದನ್ನು ಪೂರ್ತಿ ಮಾಡಿಕೊಳ್ಳುತ್ತೇನೆ ಅನ್ನುವ ಮಾತು ಮಾತ್ರ ಕೇಳುವವರ ಅಗತ್ಯಕ್ಕೂ ನಿಮ್ಮ ಬೆಳವಣಿಗೆಗೂ ಒಟ್ಟಿಗೆ ಹೊಂದುತ್ತದೆ.

ಇನ್ನೊಂದು ಕೆಲಸ ಮಾಡಿ, ಇದಕ್ಕೆ ಅರ್ಧ ಗಂಟೆ ಸಾಕು. ಅದೇ ಸಂಸ್ಥೆಯಲ್ಲಿ ಈ ಹುದ್ದೆ, ಅಥವಾ ಇಂಥದ್ದೇ ಹುದ್ದೆಯಲ್ಲಿ ಮೊದಲು ಇದ್ದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಮೂರರಿಂದ ಐದು ವರ್ಷದ ನಂತರ ಅವರು ಎಲ್ಲಿಗೆ ಹೋದರು ಅಂತ ನೋಡಿ. ಕೆಲವರು ಅಲ್ಲೇ ಮೇಲಿನ ಹುದ್ದೆಗೆ ಹೋಗಿರುತ್ತಾರೆ, ಕೆಲವರು ಪಕ್ಕದ ವಿಭಾಗಕ್ಕೆ ಸರಿದಿರುತ್ತಾರೆ, ಕೆಲವರು ಬೇರೆ ಕಡೆ ಹೋಗಿರುತ್ತಾರೆ. ಆ ಕೆಲಸದಿಂದ ನಿಜಕ್ಕೂ ತೆರೆಯುವ ದಾರಿಗಳು ಇವು. ಐದನೇ ವರ್ಷದ ಬಗ್ಗೆ ನೀವು ಹೇಳುವ ದಿಕ್ಕು ಇವುಗಳಲ್ಲಿ ಯಾವುದಕ್ಕಾದರೂ ಹತ್ತಿರವಿದ್ದರೆ ಕೇಳುವವರಿಗೆ ಅದು ಗಾಳಿಮಾತು ಅನಿಸುವುದಿಲ್ಲ. ಚಿಕ್ಕ ಸಂಸ್ಥೆಯಾಗಿದ್ದು ಯಾರೂ ಸಿಗದಿದ್ದರೆ, ಅದೇ ಕ್ಷೇತ್ರದ ಬೇರೆ ಸಂಸ್ಥೆಗಳಲ್ಲಿ ಅದೇ ಹೆಸರಿನ ಹುದ್ದೆ ನೋಡಿದರೂ ಆದೀತು.

ನಿಮ್ಮ ಹಳೆಯ ಕೆಲಸದಿಂದ ಒಂದು ಸಾಕ್ಷಿ ತನ್ನಿ

ಉತ್ತರ ನಿಮ್ಮದೇ ಅನಿಸಬೇಕಾದರೆ ಅದರೊಳಗೆ ನಿಮಗೆ ಮಾತ್ರ ಆಗಿರುವ ಒಂದು ಸಂಗತಿ ಇರಬೇಕು. ಯಾರೂ ಹೇಳದೆ ನೀವಾಗಿಯೇ ಮಾಡಿದ ಕೆಲಸ ಯಾವುದು ಅಂತ ನೆನಪು ಮಾಡಿಕೊಳ್ಳಿ. ಜೊತೆಯವರು ಯಾವ ವಿಷಯಕ್ಕೆ ನಿಮ್ಮ ಮೇಜಿನ ಹತ್ತಿರ ಬಂದು ಕೇಳುತ್ತಿದ್ದರು? ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದು ಗೊತ್ತಾಗುತ್ತಿರಲಿಲ್ಲ? ಚಿಕ್ಕದಾದರೂ ಪರವಾಗಿಲ್ಲ. ಅದು ನಡೆದದ್ದಾಗಿರಬೇಕು, ಅಷ್ಟೇ. ಹೊಸಬರಾಗಿದ್ದರೆ ಕಾಲೇಜಿನ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಯಾವುದಾದರೂ ಕಾರ್ಯಕ್ರಮದ ಲೆಕ್ಕ ನೋಡಿಕೊಂಡದ್ದು, ಇವೂ ನಡೆಯುತ್ತವೆ.

ಈ ಸಾಕ್ಷಿಯಿಂದ ಇನ್ನೊಂದು ಲಾಭವಿದೆ. ‘ನನಗೆ ಇದರಲ್ಲಿ ಆಸಕ್ತಿ’ ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ಆ ದಿಕ್ಕಿನಲ್ಲಿ ಈಗಾಗಲೇ ಒಂದು ಹೆಜ್ಜೆ ಇಟ್ಟಿದ್ದೀರಿ ಅಂತ ತೋರಿಸಿದರೆ ಮಹತ್ವಾಕಾಂಕ್ಷೆ ತಾನಾಗಿಯೇ ಕಾಣುತ್ತದೆ. ದೊಡ್ಡ ಹುದ್ದೆಯ ಹೆಸರು ಹೇಳುವ ಅಗತ್ಯವೇ ಬೀಳುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಕಟ್ಟಿ ನೋಡೋಣ

ಅಕೌಂಟ್ಸ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಒಬ್ಬಾಕೆ ಅಂದುಕೊಳ್ಳಿ. ಸಪ್ಲೈಯರ್‌ಗಳಿಂದ ಬರುವ ಬಿಲ್ಲುಗಳನ್ನು ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡಿ ಪೇಮೆಂಟಿಗೆ ಕಳಿಸುವುದು ಈಕೆಯ ಕೆಲಸ. ಈಗ ಇನ್ನೊಂದು ಸಂಸ್ಥೆಯಲ್ಲಿ ಸೀನಿಯರ್ ಹುದ್ದೆಗೆ ಅರ್ಜಿ ಹಾಕಿದ್ದಾಳೆ. ಜಾಹೀರಾತಿನಲ್ಲಿ ನಾಲ್ಕು ಕೆಲಸ ಇವೆ: ಸಪ್ಲೈಯರ್ ಪೇಮೆಂಟ್, ಬ್ಯಾಂಕ್ ರಿಕನ್ಸಿಲಿಯೇಶನ್, ತಿಂಗಳ ಕೊನೆಯ ಕ್ಲೋಸಿಂಗ್, ಆಡಿಟ್ ಸಮಯದಲ್ಲಿ ದಾಖಲೆ ಒದಗಿಸುವುದು. ರಿಕನ್ಸಿಲಿಯೇಶನ್ ಅಂದರೆ ಬ್ಯಾಂಕಿನ ಲೆಕ್ಕವನ್ನು ಸಂಸ್ಥೆಯ ಲೆಕ್ಕದ ಜೊತೆ ತಾಳೆ ನೋಡುವುದು, ಕ್ಲೋಸಿಂಗ್ ಅಂದರೆ ಆ ತಿಂಗಳ ಲೆಕ್ಕವನ್ನೆಲ್ಲ ಸರಿ ನೋಡಿ ಮುಗಿಸುವುದು.

ಗುರುತು ಹಾಕುತ್ತಾಳೆ. ಪೇಮೆಂಟ್ ಪೂರ್ತಿ ಬರುತ್ತದೆ. ಕ್ಲೋಸಿಂಗ್ ಅರ್ಧ ಬರುತ್ತದೆ, ಯಾಕೆಂದರೆ ಅದರ ಸಪ್ಲೈಯರ್ ಭಾಗ ಮಾತ್ರ ನೋಡಿದ್ದಾಳೆ. ಬ್ಯಾಂಕ್ ರಿಕನ್ಸಿಲಿಯೇಶನ್ ಬೇರೆಯವರು ಮಾಡುವುದನ್ನು ನೋಡಿದ್ದಾಳೆ, ಅದೂ ಅರ್ಧ. ಆಡಿಟ್‌ನವರ ಎದುರು ಕೂತಿಲ್ಲ. ಸಾಕ್ಷಿ ಏನಿದೆ? ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗದ ಹಾಗೆ, ಸಪ್ಲೈಯರ್ ಹೆಸರು, ಬಿಲ್ ನಂಬರ್, ಮೊತ್ತ ಮೂರನ್ನೂ ಹೋಲಿಸಿ ಎಚ್ಚರಿಸುವ ಒಂದು ಎಕ್ಸೆಲ್ ಶೀಟನ್ನು ತಾನೇ ಮಾಡಿದ್ದಾಳೆ. ಯಾರೂ ಕೇಳಿರಲಿಲ್ಲ.

ಆಕೆ ಮೊದಲು ಬರೆದುಕೊಳ್ಳುವ ಉತ್ತರ ಹೀಗಿರುತ್ತದೆ: “ಐದು ವರ್ಷದಲ್ಲಿ ನಾನು ಫೈನಾನ್ಸ್ ಮ್ಯಾನೇಜರ್ ಆಗಬೇಕು. ಅದಕ್ಕೆ ಕಷ್ಟಪಟ್ಟು ಕೆಲಸ ಮಾಡಿ, ಹೊಸ ಕೌಶಲ ಕಲಿತು, ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ಕೊಡುತ್ತೇನೆ.” ಸುಳ್ಳೇನಲ್ಲ. ಆದರೆ ಎರಡನೇ ವಾಕ್ಯದಲ್ಲಿ ಒಂದು ಪದವನ್ನೂ ಈಕೆ ಮಾತ್ರ ಹೇಳಬಲ್ಲಳು ಅನ್ನುವಂತಿಲ್ಲ. ಜೊತೆಗೆ ಮ್ಯಾನೇಜರ್ ಅನ್ನುವ ಪದ ಒಂದು ತೊಡಕನ್ನೂ ತರುತ್ತದೆ. ಆ ವಿಭಾಗದಲ್ಲಿ ಒಬ್ಬರೇ ಮ್ಯಾನೇಜರ್ ಇದ್ದು, ಅವರೇ ಎದುರಿಗೆ ಕೂತಿದ್ದರೆ? ‘ನನ್ನ ಜಾಗ ಖಾಲಿಯಾಗದಿದ್ದರೆ ಇವಳು ಇರುವುದಿಲ್ಲ’ ಅನ್ನುವ ಲೆಕ್ಕ ಅವರ ತಲೆಯಲ್ಲಿ ಬಂದೇ ಬರುತ್ತದೆ.

ಇದನ್ನು ಬಿಟ್ಟು ಗುರುತು ಹಾಕಿದ್ದರಿಂದ ಕಟ್ಟಿದರೆ ಉತ್ತರ ಹೀಗೆ ಬರುತ್ತದೆ:

“ಮೊದಲ ವರ್ಷದಲ್ಲಿ ಇಲ್ಲಿಯ ತಿಂಗಳ ಕ್ಲೋಸಿಂಗ್ ನನಗೆ ಪೂರ್ತಿ ಕೈಗೆ ಹತ್ತಬೇಕು. ಇಲ್ಲಿವರೆಗೆ ಅದರಲ್ಲಿ ಸಪ್ಲೈಯರ್ ಭಾಗ ಮಾತ್ರ ನಾನು ಮಾಡ್ತಿದ್ದೆ. ಬ್ಯಾಂಕ್ ರಿಕನ್ಸಿಲಿಯೇಶನ್ ಬೇರೆಯವರದಾಗಿತ್ತು. ಹಳೆಯ ಸಂಸ್ಥೆಯಲ್ಲಿ ಒಂದೇ ಬಿಲ್ಲಿಗೆ ಎರಡು ಸಲ ಪೇಮೆಂಟ್ ಹೋಗೋದನ್ನ ಮೊದಲೇ ಹಿಡಿಯೋಕೆ ಒಂದು ಶೀಟ್ ಮಾಡಿದ್ದೆ. ಅದು ಮಾಡುವಾಗ ನನಗೆ ಗೊತ್ತಾಗಿದ್ದು, ಎಂಟ್ರಿ ಹಾಕೋದಕ್ಕಿಂತ ತಪ್ಪು ಎಲ್ಲಿಂದ ಬರ್ತಿದೆ ಅಂತ ಹುಡುಕೋದು ನನಗೆ ಜಾಸ್ತಿ ಇಷ್ಟ. ಹಾಗಾಗಿ ಎರಡು ಮೂರು ವರ್ಷದಲ್ಲಿ, ಕ್ಲೋಸಿಂಗ್ ಯಾಕೆ ತಡವಾಗುತ್ತೆ, ಎಲ್ಲಿ ತಪ್ಪಾಗುತ್ತೆ ಅಂತ ನೋಡಿ ಸರಿ ಮಾಡೋ ಜವಾಬ್ದಾರಿ ನನ್ನ ಮೇಲಿರಬೇಕು ಅಂತ ಆಸೆ. ಐದು ವರ್ಷಕ್ಕೆ, ಆಡಿಟ್‌ನವರು ಬಂದಾಗ ಈ ಭಾಗಕ್ಕೆ ಉತ್ತರ ಕೊಡೋಳು ನಾನೇ ಆಗಿರಬೇಕು. ಅದು ಒಂದು ಟೀಮ್ ನೋಡಿಕೊಳ್ಳೋ ಕೆಲಸವಾಗಿ ಬರುತ್ತೋ, ಇಂಟರ್ನಲ್ ಆಡಿಟ್ ಕಡೆಗೆ ತಿರುಗುತ್ತೋ, ಅದನ್ನ ಈಗಲೇ ಹೇಳೋಕಾಗಲ್ಲ. ಇಲ್ಲಿ ಕೆಲಸ ಮಾಡ್ತಾ ಗೊತ್ತಾಗುತ್ತೆ.”

ಹೇಳಲು ಸುಮಾರು ಒಂದು ನಿಮಿಷ. ಇದರಲ್ಲಿ ಮ್ಯಾನೇಜರ್ ಅನ್ನುವ ಪದವೇ ಇಲ್ಲ, ಆದರೂ ಆಸೆ ಚಿಕ್ಕದಲ್ಲ. ಆಡಿಟ್ ಎದುರು ಒಂದು ಭಾಗಕ್ಕೆ ಉತ್ತರ ಕೊಡುವುದು ಅಂದರೆ ಏನು ಅಂತ ಆ ಕ್ಷೇತ್ರದವರಿಗೆ ಚೆನ್ನಾಗಿ ಗೊತ್ತು. ಹುದ್ದೆಯ ಹೆಸರಿನ ಬದಲು ‘ಯಾವ ಕೆಲಸಕ್ಕೆ ಜನ ನನ್ನನ್ನು ನಂಬಬೇಕು’ ಅಂತ ಹೇಳಿದ್ದರಿಂದ ಇದು ಆಗಿದೆ. ಹುದ್ದೆ ಸಿಗುವುದು ನಿಮ್ಮ ಕೈಯಲ್ಲಿಲ್ಲ, ನಂಬಿಕೆ ಗಳಿಸುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಕೇಳುವವರೂ ಮೊದಲನೆಯದಕ್ಕೆ ಮಾತು ಕೊಡಲಾರರು, ಎರಡನೆಯದಕ್ಕೆ ಅವಕಾಶ ಕೊಡಬಲ್ಲರು.

ಕೊನೆಯ ಎರಡು ವಾಕ್ಯಗಳನ್ನೂ ಗಮನಿಸಿ. ‘ಈಗಲೇ ಹೇಳೋಕಾಗಲ್ಲ’ ಅನ್ನುವುದು ಎಲ್ಲಿ ಬಂದಿದೆ ನೋಡಿ. ಉತ್ತರದ ಶುರುವಿನಲ್ಲಿ ಬಂದಿದ್ದರೆ ಆಕೆ ಯೋಚಿಸಿಯೇ ಇಲ್ಲ ಅನಿಸುತ್ತಿತ್ತು. ಇಷ್ಟೆಲ್ಲ ಸ್ಪಷ್ಟವಾಗಿ ಹೇಳಿದ ಮೇಲೆ ಕೊನೆಯಲ್ಲಿ ಬಂದಿರುವುದರಿಂದ ಅದು ಪ್ರಾಮಾಣಿಕ ಮಾತಾಗಿ ಕೇಳುತ್ತದೆ. ಅದೇ ಪದಗಳು, ಜಾಗ ಮಾತ್ರ ಬೇರೆ.

ಇದರಲ್ಲೂ ಅತಿಯಾಗಬಹುದಾದ ಒಂದು ಕಡೆ ಇದೆ. ಹಳೆಯ ಸಂಸ್ಥೆಯ ಬಗ್ಗೆ ‘ಅಲ್ಲಿ ಎರಡೆರಡು ಸಲ ದುಡ್ಡು ಹೋಗ್ತಿತ್ತು, ಯಾರಿಗೂ ಗಮನವೇ ಇರಲಿಲ್ಲ’ ಅಂತ ಎಳೆದರೆ ಉತ್ತರ ದೂರಿನ ಕಡೆಗೆ ಜಾರುತ್ತದೆ. ಯಾವ ಸಪ್ಲೈಯರ್, ಎಷ್ಟು ಮೊತ್ತ ಅಂತೆಲ್ಲ ಹೇಳುವುದಂತೂ ಬೇಡವೇ ಬೇಡ. ಒಳಗಿನ ವಿಷಯವನ್ನು ಹೊರಗೆ ಹೇಳುವವರು ನಾಳೆ ನಮ್ಮದನ್ನೂ ಹೇಳುತ್ತಾರೆ ಅಂತ ಎದುರಿಗಿದ್ದವರು ಅಂದುಕೊಳ್ಳುತ್ತಾರೆ. ತಾನು ಏನು ಮಾಡಿದೆ, ಅದರಿಂದ ತನಗೆ ಏನು ತಿಳಿಯಿತು, ಇಷ್ಟಕ್ಕೇ ನಿಲ್ಲಿಸಬೇಕು.

ಬರೆದದ್ದನ್ನು ಮಡಚಿ ಇಟ್ಟು ಅಭ್ಯಾಸ ಮಾಡಿ

ಒಳ್ಳೆಯ ಉತ್ತರ ಬರೆದು ಅದನ್ನು ಪದಕ್ಕೆ ಪದ ಕಂಠಪಾಠ ಮಾಡಿದರೆ ಮತ್ತೆ ಅದೇ ಬಾಯಿಪಾಠ. ಹಾಗಾಗಿ ಒಮ್ಮೆ ಪೂರ್ತಿ ಬರೆದು, ಅದರಿಂದ ಮೂರು ನಾಲ್ಕು ಪದ ಮಾತ್ರ ಒಂದು ಚೀಟಿಗೆ ಇಳಿಸಿ. ಮೇಲಿನ ಉದಾಹರಣೆಯಲ್ಲಾದರೆ: ಕ್ಲೋಸಿಂಗ್, ಶೀಟ್, ತಪ್ಪಿನ ಮೂಲ, ಆಡಿಟ್. ಈಗ ಬರೆದ ಹಾಳೆಯನ್ನು ಪಕ್ಕಕ್ಕಿಟ್ಟು, ಚೀಟಿ ನೋಡಿಕೊಂಡು ಮಾತಾಡಿ. ಎರಡನೇ ಸಲ ಬೇಕಂತಲೇ ಬೇರೆ ವಾಕ್ಯದಿಂದ ಶುರು ಮಾಡಿ. ಒಂದು ಸಲ ಶೀಟಿನ ಕಥೆಯಿಂದ, ಇನ್ನೊಂದು ಸಲ ಆಡಿಟ್‌ನಿಂದ. ಯಾವ ಕಡೆಯಿಂದ ಹೊರಟರೂ ಹೇಳಬೇಕಾದ್ದು ಹೇಳಿ ಮುಗಿಸಲು ಬಂದರೆ ಉತ್ತರ ನಿಮ್ಮೊಳಗೆ ಇಳಿದಿದೆ ಅಂತ.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು ಮುಜುಗರದ ಕೆಲಸ, ಆದರೂ ಮಾಡಿ. ಕೇಳುವಾಗ ಧ್ವನಿ ಚೆನ್ನಾಗಿದೆಯಾ ಅಂತ ನೋಡಬೇಡಿ. ಬಾಯಿಪಾಠದ ಕುರುಹುಗಳನ್ನು ಹುಡುಕಿ. ಈ ಉತ್ತರ ಬರುತ್ತಿದ್ದ ಹಾಗೆ ಮಾತಿನ ವೇಗ ಏಕಾಏಕಿ ಜಾಸ್ತಿಯಾಗುತ್ತದಾ? ಸ್ನೇಹಿತರ ಜೊತೆ ಎಂದೂ ಬಳಸದ ಪದ ಬರುತ್ತದಾ? ಎಲ್ಲೂ ಉಸಿರು ತೆಗೆದುಕೊಳ್ಳಲು ನಿಲ್ಲದೆ ಕೊನೆ ಮುಟ್ಟುತ್ತೀರಾ? ಇದ್ದರೆ, ಆ ವಾಕ್ಯವನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಮಧ್ಯದಲ್ಲಿ ತಡೆಯುವುದು. ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಅರ್ಧ ಉತ್ತರದಲ್ಲಿ ಏನಾದರೂ ಕೇಳಲು ಹೇಳಿ: “ಒಂದು ನಿಮಿಷ, ಆ ಶೀಟ್ ಎಷ್ಟು ದಿನ ಬಳಸಿದಿರಿ?” ಕಂಠಪಾಠ ಮಾಡಿದವರು ಇಲ್ಲಿ ತಡವರಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ವಿಷಯ ಗೊತ್ತಿರುವವರು ಉತ್ತರ ಕೊಟ್ಟು ಬಿಟ್ಟಲ್ಲಿಂದ ಮುಂದುವರಿಯುತ್ತಾರೆ. ನಿಜವಾದ ಇಂಟರ್‌ವ್ಯೂನಲ್ಲೂ ತಡೆಯುತ್ತಾರೆ, ಹಾಗಾಗಿ ಇದು ಸುಮ್ನೆ ಮಾಡುವ ಅಭ್ಯಾಸವಲ್ಲ.

ಇಂಟರ್‌ವ್ಯೂ ನಿಮ್ಮ ಮನೆಮಾತಿನಲ್ಲಿ ಅಲ್ಲದಿದ್ದರೆ ಒಂದು ಹೆಜ್ಜೆ ಹೆಚ್ಚು ಬೇಕು. ಪರಭಾಷೆಯಲ್ಲಿ ಉತ್ತರ ಕಟ್ಟಲು ಹೊರಟರೆ ಕೈಗೆ ಸಿಗುವುದು ಎಲ್ಲೋ ಓದಿದ ಸಿದ್ಧ ವಾಕ್ಯಗಳೇ. ಅದಕ್ಕೇ ಮೊದಲು ಮನೆಮಾತಿನಲ್ಲಿ ಯಾರಿಗಾದರೂ ಹೇಳಿ. ನೀವು ಹೇಳಬೇಕಾದ್ದು ಏನು ಅಂತ ಆಗ ನಿಮಗೇ ಸ್ಪಷ್ಟವಾಗುತ್ತದೆ. ಆಮೇಲೆ ಆ ಭಾಷೆಯಲ್ಲಿ ನಿಮಗೆ ಬರುವ ಚಿಕ್ಕ ವಾಕ್ಯಗಳಲ್ಲಿ ಅದನ್ನೇ ಹೇಳಿ. ವ್ಯಾಕರಣ ಅಲ್ಲಿ ಇಲ್ಲಿ ತಪ್ಪಿದರೂ ನಿಮ್ಮದೇ ವಿಷಯ ಇರುವ ಉತ್ತರ, ನುಣುಪಾದ ಖಾಲಿ ಉತ್ತರಕ್ಕಿಂತ ಎಷ್ಟೋ ಮೇಲು.

ಉತ್ತರದ ನಂತರ ಬರುವ ಪ್ರಶ್ನೆ

ಉತ್ತರ ನಿಜವೋ ಬಾಯಿಪಾಠವೋ ಅನ್ನುವುದು ಹೆಚ್ಚಾಗಿ ಬಯಲಾಗುವುದು ಮುಂದಿನ ಪ್ರಶ್ನೆಯಲ್ಲಿ. ಅದಕ್ಕೂ ಪದ ತಯಾರು ಮಾಡಬೇಡಿ, ಯೋಚನೆ ಮಾತ್ರ ಮಾಡಿಟ್ಟುಕೊಳ್ಳಿ.

“ನೀವು ಹೇಳಿದ ಅವಕಾಶ ಇಲ್ಲಿ ಬರದಿದ್ದರೆ?” ಅಂತ ಕೇಳುವುದು ಸಾಮಾನ್ಯ. ‘ಬರದಿದ್ದರೂ ಇರುತ್ತೇನೆ’ ಅಂದರೆ ನಂಬುವುದು ಕಷ್ಟ, ‘ಹೋಗುತ್ತೇನೆ’ ಅಂದರೆ ಅಲ್ಲಿಗೆ ಮುಗಿಯಿತು. ನಮ್ಮ ಉದಾಹರಣೆಯ ಅಭ್ಯರ್ಥಿ ಹೀಗೆ ಹೇಳಬಹುದು: “ಟೀಮ್ ನೋಡಿಕೊಳ್ಳೋ ಜಾಗ ಖಾಲಿಯಾಗದೆ ಇರಬಹುದು, ಅದು ಅರ್ಥ ಆಗುತ್ತೆ. ನನಗೆ ಮುಖ್ಯ ಕೆಲಸ ದೊಡ್ಡದಾಗ್ತಾ ಹೋಗೋದು. ಎರಡು ವರ್ಷದ ನಂತರವೂ ನಾನು ಮೊದಲ ದಿನದ ಕೆಲಸವನ್ನೇ ಮಾಡ್ತಿದ್ದರೆ ಬಂದು ನಿಮ್ಮ ಹತ್ತಿರ ಮಾತಾಡ್ತೀನಿ.” ಇದರಲ್ಲಿ ಬೆದರಿಕೆ ಇಲ್ಲ, ನಾಟಕವೂ ಇಲ್ಲ. ಮೊದಲು ಮಾತಾಡುವವಳು, ಸದ್ದಿಲ್ಲದೆ ಬಿಟ್ಟು ಹೋಗುವವಳಲ್ಲ ಅಂತ ತಿಳಿಯುತ್ತದೆ.

“ಕ್ಲೋಸಿಂಗ್ ಯಾಕೆ ತಡವಾಗುತ್ತೆ ಅಂತ ನಿಮಗೆ ಅನಿಸುತ್ತೆ?” ಅನ್ನುವಂಥ ಪ್ರಶ್ನೆ ಬಂದರೆ ಖುಷಿಪಡಿ. ನಿಮ್ಮ ಭವಿಷ್ಯದ ಮಾತು ಆಗಲೇ ಕೆಲಸದ ಮಾತಾಗಿದೆ ಅಂತ ಅರ್ಥ. ಬೇರೆ ವಿಭಾಗದವರು ಬಿಲ್ಲುಗಳನ್ನು ತಿಂಗಳು ಮುಗಿದ ಮೇಲೆ ಕಳಿಸುವುದು, ಬರದ ಬಿಲ್ಲುಗಳ ಖರ್ಚನ್ನು ಅಂದಾಜಿನಲ್ಲಿ ಮೊದಲೇ ಬರೆದುಕೊಳ್ಳುವ ಪ್ರೊವಿಷನ್ ಎಂಟ್ರಿ ಎಷ್ಟು ಹಾಕಬೇಕು ಅಂತ ಕೊನೆ ಗಳಿಗೆಯಲ್ಲಿ ಕೇಳುತ್ತಾ ಕೂರುವುದು, ಹೀಗೆ ಆಕೆ ಕಂಡದ್ದನ್ನು ಹೇಳಬಹುದು. ಇದು ಎಲ್ಲ ಕ್ಷೇತ್ರಕ್ಕೂ ಅನ್ವಯಿಸುತ್ತದೆ: ಐದು ವರ್ಷದ ಉತ್ತರದಲ್ಲಿ ಯಾವ ಸಮಸ್ಯೆಯ ಹೆಸರು ಹೇಳಿದ್ದೀರೋ, ಅದರ ಬಗ್ಗೆ ಎರಡು ನಿಮಿಷ ಮಾತಾಡಲು ಬರಬೇಕು. ಬರದಿದ್ದರೆ ಆ ಸಮಸ್ಯೆಯನ್ನು ಉತ್ತರದಿಂದ ತೆಗೆದುಬಿಡಿ.

ಸುಲಭವಲ್ಲದ ಸಂದರ್ಭಗಳು

ನಿಮಗೆ ಮ್ಯಾನೇಜರ್ ಆಗುವುದೇ ಇಷ್ಟವಿಲ್ಲ ಅಂದುಕೊಳ್ಳಿ. ಅನೇಕರಿಗೆ ಇಷ್ಟವಿರುವುದಿಲ್ಲ, ಅದರಲ್ಲಿ ಕೊರತೆ ಏನಿಲ್ಲ. ಆದರೆ ‘ಜನರನ್ನು ನೋಡಿಕೊಳ್ಳುವುದು ನನಗೆ ಬೇಡ’ ಅಂತ ನಿರಾಕರಣೆಯಿಂದ ಶುರು ಮಾಡಿದರೆ ಆಸೆಯೇ ಇಲ್ಲ ಅನ್ನುವ ಹಾಗೆ ಕೇಳುತ್ತದೆ. ಬೇಕಾದ್ದನ್ನು ಮೊದಲು ಹೇಳಿ: “ತುಂಬಾ ಕ್ಲಿಷ್ಟವಾದ ಕೇಸ್ ಬಂದರೆ ಟೀಮಿನವರು ಮೊದಲು ನನ್ನ ಹತ್ತಿರ ಬರಬೇಕು, ಹೊಸಬರಿಗೆ ಕಲಿಸೋದೂ ನನಗಿಷ್ಟ. ಆಳವಾಗಿ ಒಂದು ವಿಷಯ ತಿಳಿದವನಾಗಿ ಬೆಳೆಯಬೇಕು ಅಂತಿದೆ.” ಆ ಸಂಸ್ಥೆಯಲ್ಲಿ ಪರಿಣತರಿಗೆ ಬೇರೆ ಬಡ್ತಿಯ ದಾರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ, ಅಲ್ಲಿ ಸೇರುವುದರ ಬಗ್ಗೆಯೇ ಇನ್ನೊಮ್ಮೆ ಯೋಚಿಸಬೇಕಾಗುತ್ತದೆ.

ಎರಡು ವರ್ಷದ ನಂತರ ಓದಲು ಹೋಗಬೇಕು ಅಥವಾ ಸ್ವಂತ ವ್ಯವಹಾರ ಶುರು ಮಾಡಬೇಕು ಅಂತಿರುವವರು ಏನು ಮಾಡಬೇಕು? ನನ್ನ ಅಭಿಪ್ರಾಯ ಹೀಗಿದೆ. ಸುಳ್ಳು ಹೇಳಬೇಡಿ, ಆದರೆ ಮನಸ್ಸಿನಲ್ಲಿ ಓಡುವ ಪ್ರತಿ ಯೋಚನೆಯನ್ನೂ ಒಪ್ಪಿಸಬೇಕಾಗಿಲ್ಲ. ‘ಆಗಬಹುದು’ ಅನ್ನುವ ಮಟ್ಟದಲ್ಲಿರುವ ಆಸೆಯನ್ನು ಹೇಳುವ ಅಗತ್ಯವಿಲ್ಲ. ಸೀಟು ಸಿಕ್ಕಿ ತಾರೀಖು ಗೊತ್ತಾಗಿದ್ದರೆ ಮಾತು ಬೇರೆ. ಆಗ ಮುಚ್ಚಿಟ್ಟು ಸೇರಿದರೆ ಅವರ ನಂಬಿಕೆಗೆ ಪೆಟ್ಟು, ಮುಂದೆ ನಿಮಗೆ ಅವರ ಶಿಫಾರಸು ಬೇಕಾದಾಗ ಅದು ನೆನಪಾಗುತ್ತದೆ. ‘ಇಲ್ಲೇ ಹತ್ತು ವರ್ಷ ಇರುತ್ತೇನೆ’ ಅನ್ನುವ ಮಾತನ್ನಂತೂ ಯಾರೂ ಕೊಡಬೇಕಾಗಿಲ್ಲ. ಅದನ್ನು ಯಾರೂ ನಂಬುವುದೂ ಇಲ್ಲ.

ಕೆಲವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಕ್ಷೇತ್ರ ಬದಲಿಸುತ್ತಿರುವವರು, ಬಿಡುವಿನ ನಂತರ ಕೆಲಸಕ್ಕೆ ಮರಳುತ್ತಿರುವವರು, ಈಗಷ್ಟೇ ಓದು ಮುಗಿಸಿದವರು. ಇಂಥವರು ಐದನೇ ವರ್ಷವನ್ನು ಕಟ್ಟಿ ಹೇಳಲು ಹೋಗದೆ, ಎರಡನೇ ವರ್ಷದವರೆಗೆ ಗಟ್ಟಿಯಾಗಿ ಹೇಳಿ, ಆಮೇಲಿನದಕ್ಕೆ ಎರಡು ದಾರಿ ಕೊಟ್ಟರೆ ಸಾಕು: “ಆ ಹೊತ್ತಿಗೆ ನಾನು ಒಂದೋ ಗ್ರಾಹಕರ ಜೊತೆ ನೇರ ಮಾತಾಡೋ ಕಡೆ ಹೋಗ್ತೀನಿ, ಇಲ್ಲಾ ಒಳಗೆ ಕೂತು ಮಾಡೋ ವಿಶ್ಲೇಷಣೆ ಕಡೆ. ಯಾವುದು ಅಂತ ತಿಳಿಯೋಕೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕು, ಈ ಹುದ್ದೆಯಲ್ಲಿ ಎರಡೂ ಇದೆ.” ಕೊನೆಯ ಆ ತುಣುಕು ಮುಖ್ಯ. ಗೊಂದಲ ಇದ್ದರೂ ಅದನ್ನು ಬಿಡಿಸಿಕೊಳ್ಳುವ ಜಾಗ ಈ ಹುದ್ದೆಯೇ ಅಂತ ಅದು ತೋರಿಸುತ್ತದೆ. ಎರಡರ ಬದಲು ನಾಲ್ಕು ದಾರಿ ಹೇಳಬೇಡಿ. ನಾಲ್ಕಾದರೆ ಕೇಳುವವರಿಗೆ ಯಾವುದೂ ನೆನಪಿರುವುದಿಲ್ಲ.

ಮನೆ, ಮದುವೆ, ಮಕ್ಕಳು, ಊರು ಬದಲಿಸುವ ಯೋಚನೆ, ಇವು ಈ ಉತ್ತರದಲ್ಲಿ ಬರಬೇಕಾಗಿಲ್ಲ. ಪ್ರಶ್ನೆ ಕೆಲಸದ್ದು. ಅವರೇ ಆ ಕಡೆ ಎಳೆದರೆ, “ಕೆಲಸದ ವಿಷಯದಲ್ಲಿ ನನ್ನ ಯೋಚನೆ ಇದು” ಅಂತ ಮೆತ್ತಗೆ ವಾಪಸು ತರಬಹುದು.

ಮುಗಿಸುವ ಮುನ್ನ ನೀವೂ ಒಂದು ಕೇಳಿ

ಉತ್ತರ ಮುಗಿದ ತಕ್ಷಣ, ಅಥವಾ ‘ನಿಮಗೇನಾದರೂ ಕೇಳುವುದಿದೆಯಾ’ ಅಂದಾಗ, ಈ ಪ್ರಶ್ನೆಯನ್ನು ಅವರ ಕಡೆಗೆ ತಿರುಗಿಸಿ: “ಈ ಹುದ್ದೆಯಲ್ಲಿ ಮೊದಲು ಇದ್ದವರು ಈಗ ಏನು ಮಾಡ್ತಿದ್ದಾರೆ?” ನಿಮ್ಮ ಐದು ವರ್ಷದ ಮಾತು ಸುಮ್ನೆ ಹೇಳಿದ್ದಲ್ಲ ಅಂತ ಇದು ತೋರಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮಗೆ ಬೇಕಾದ ಮಾಹಿತಿ ಸಿಗುತ್ತದೆ. “ಅವರು ಈಗ ನಮ್ಮ ಇನ್ನೊಂದು ಶಾಖೆ ನೋಡಿಕೊಳ್ತಿದ್ದಾರೆ” ಅಂತ ಥಟ್ಟನೆ ಬಂದರೆ ಅಲ್ಲಿ ಜನ ಬೆಳೆಯುತ್ತಾರೆ. “ಹೋದ ವರ್ಷದಲ್ಲಿ ಇಬ್ಬರು ಬದಲಾದರು” ಅಂದರೆ ಯಾಕೆ ಅಂತ ಸೌಜನ್ಯದಿಂದ ಕೇಳಿ, ಉತ್ತರ ಬರುವಾಗ ಎಷ್ಟು ಹೊತ್ತು ತೆಗೆದುಕೊಂಡರು ಅಂತಲೂ ಗಮನಿಸಿ. ಹೊಸದಾಗಿ ಹುಟ್ಟಿದ ಹುದ್ದೆ ಅಂದರೆ, ಒಂದು ವರ್ಷದ ನಂತರ ಇದು ಸರಿಯಾಗಿ ನಡೆದಿದೆ ಅಂತ ಯಾವುದನ್ನು ನೋಡಿ ಹೇಳುತ್ತೀರಿ ಅಂತ ಕೇಳಿ. ಅವರು ಕೊಡುವ ಉತ್ತರವನ್ನು ಮನೆಗೆ ಬಂದ ಮೇಲೆ ಬರೆದಿಟ್ಟುಕೊಳ್ಳಿ. ಎರಡನೇ ಸುತ್ತಿಗೆ ಕರೆದು ಬೇರೆಯವರು ಮತ್ತೆ ಅದೇ ಐದು ವರ್ಷದ ಪ್ರಶ್ನೆ ಕೇಳಿದರೆ, ನಿಮ್ಮ ಮೊದಲ ವರ್ಷದ ಮಾತನ್ನು ಆ ಉತ್ತರದಿಂದಲೇ ಶುರು ಮಾಡಬಹುದು.